ಎಬ್ಬಿಸುವ ಪದದ ಧಾಟಿಗೆ ಒಂದು ನಾತ್

ನನಗೆ ಕನ್ನಡ ಚೆನ್ನಾಗಿ ಬರುತ್ತದೆ ಎಂಬ ಜಂಬ ಮೊದಲಿನಿಂದಲೂ ಇತ್ತು. ಇಪ್ಪತ್ತಾರು ವರ್ಷದಿಂದ ಸರ್ಕಾರಿ ಹೈಸ್ಕೂಲಿನಲ್ಲಿ ಅದನ್ನೇ ಕಲಿಸುತ್ತಿದ್ದೇನೆ. ಈಗಿರುವುದು ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದಲ್ಲಿ. ಮನೆ ಮಾತ್ರ ಹೊಳೆನರಸೀಪುರದಲ್ಲೇ, ದಿನಾ ಎರಡು ಬಸ್ಸು ಬದಲಾಯಿಸಿ ಓಡಾಡುತ್ತೇನೆ. ಹೊಸ ಹೆಡ್‌ಮಾಸ್ಟರು ಬಂದಾಗಲೆಲ್ಲ ಹಾಜರಿ ಪುಸ್ತಕದಲ್ಲಿ ಖಮರ್ ತಾಜ್ ಎಂಬ ಹೆಸರು ನೋಡಿ, "ನೀವು ಉರ್ದು ಮೇಡಂ ಅಲ್ವಾ?" ಎನ್ನುತ್ತಾರೆ. ಅವರ ಬಾಯಿ ಮುಚ್ಚಿಸುವಷ್ಟು ಛಂದಸ್ಸು ನನ್ನ ಬೆರಳ ತುದಿಯಲ್ಲಿದೆ. ಈ ಜಂಬವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಆದದ್ದಕ್ಕೆಲ್ಲ ಅರ್ಧ ಕಾರಣ ಅದೇ.

ಹೋದ ವರ್ಷ ರಂಜಾನಿಗೆ ಎರಡು ತಿಂಗಳಿದೆ ಎನ್ನುವಾಗ ನಮ್ಮ ಹೆಂಗಸರ ಕಮಿಟಿಯವರು ಮನೆಗೆ ಬಂದರು. ರಂಜಾನಿನ ಮೂರನೇ ಭಾನುವಾರ ಶಾದಿ ಮಹಲಿನಲ್ಲಿ ಹೆಂಗಸರದ್ದೇ ಒಂದು ಸಭೆ, ಕೊನೆಗೆ ಇಫ್ತಾರ್. ಹಾಸನ, ಅರಕಲಗೂಡು, ಚನ್ನರಾಯಪಟ್ಟಣದಿಂದಲೂ ಹೆಂಗಸರು ಬರುತ್ತಾರೆ. ಅಕ್ಕಪಕ್ಕದ ಹಿಂದೂ ಹೆಂಗಸರನ್ನೂ ಕರೆಯೋಣ ಅಂತಿದ್ದೇವೆ. ಅದಕ್ಕೆ ಒಂದು ಹಮ್ದ್, ಒಂದು ನಾತ್ ಕನ್ನಡದಲ್ಲಿ ಬೇಕು. ನಮ್ಮ ಹುಡುಗಿಯರೂ ಈಗ ಉರ್ದು ಪದ್ಯವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಅರ್ಥ ತಿಳಿಯದೆ ಹಾಡುತ್ತಾರೆ, ನೀವೇ ಬರೆಯಬೇಕು ಆಪಾ, ಅಂದರು. ನಾನು ಒಂದು ಸಲ ಬೇಡ ಅಂದು, ಎರಡನೇ ಸಲ ಒಪ್ಪಿಕೊಂಡೆ.

ಹಮ್ದ್ ಎಂದರೆ ಅಲ್ಲಾಹನ ಹೊಗಳಿಕೆ. ಅದು ಸುಲಭ. ದೇವರನ್ನು ಎಷ್ಟು ಹೊಗಳಿದರೂ ಹೆಚ್ಚಾಗುವುದಿಲ್ಲ, ಅಳತೆಯ ಭಯವಿಲ್ಲ. ಅವನನ್ನು ‘ನೀನು’ ಎಂದೇ ಕರೆಯುತ್ತೇವೆ, ಅವನು ಒಬ್ಬನೇ ಆದ್ದರಿಂದ. ಮಲ್ಲಿಪಟ್ಟಣದ ಬಸ್ಸಿನಲ್ಲೇ, ಹಳೆಯ ಪ್ರಶ್ನೆಪತ್ರಿಕೆಯ ಬೆನ್ನ ಮೇಲೆ ಎರಡು ದಿನದಲ್ಲಿ ಬರೆದು ಮುಗಿಸಿದೆ.

ಹೊಳೆಗಳಿಗೆಲ್ಲಾ ನೀರನು ಕೊಟ್ಟವನೇ
ಬೀಜದ ಒಳಗೇ ಬೇರನು ಕೊಟ್ಟವನೇ

ನಾತ್ ಹಾಗಲ್ಲ. ಅದು ಪೈಗಂಬರರ ಹೊಗಳಿಕೆ. ಕಡಿಮೆ ಹೊಗಳಿದರೆ ಅಗೌರವ, ಒಂದು ಹೆಜ್ಜೆ ಹೆಚ್ಚಾದರೆ ಮನುಷ್ಯನನ್ನು ದೇವರ ಪಕ್ಕ ಕೂರಿಸಿದ ಪಾಪ. ಅವರನ್ನು ‘ನೀನು’ ಅನ್ನುವ ಹಾಗಿಲ್ಲ, ‘ನೀವು’ ಅನ್ನಬೇಕು. ಮೊದಲ ಜೋಡಿಯ ಎರಡೂ ಸಾಲು ಒಂದೇ ಮಾತಿನಲ್ಲಿ ಮುಗಿಯಬೇಕು, ಆಮೇಲೆ ಪ್ರತಿ ಜೋಡಿಯ ಎರಡನೇ ಸಾಲು. ಆ ಮಾತಿನ ಹಿಂದೆ ಪ್ರಾಸ ಕೂರಬೇಕು. ಕೊನೆಯ ಜೋಡಿಯಲ್ಲಿ ಬರೆದವರ ಹೆಸರು ಬರಬೇಕು, ಅದೂ ತನ್ನನ್ನು ತಾನು ತಗ್ಗಿಸಿಕೊಂಡು. ಮತ್ತೆ ನಮ್ಮ ಕನ್ನಡದಲ್ಲಿ ಹೊಗಳುವ ಮಾತುಗಳೆಲ್ಲ ದೇವಸ್ಥಾನದಲ್ಲಿ ಬೆಳೆದ ಮಾತುಗಳು. ನಾನು ಮೊದಲು ಬರೆದದ್ದನ್ನು ನಮ್ಮ ಮಸೀದಿಯ ಹಾಫಿಜ್ ಸಾಹೇಬರಿಗೆ ಕಳಿಸಿದಾಗ ‘ಅವತರಿಸಿದಿರಿ’ ಎಂಬ ಪದಕ್ಕೆ ಸುತ್ತು ಹಾಕಿ ವಾಪಸ್ ಕಳಿಸಿದರು. ಅವರು ಚನ್ನರಾಯಪಟ್ಟಣದ ಕಡೆಯವರು, ವಯಸ್ಸು ಮೂವತ್ತು ದಾಟಿಲ್ಲ, ಎಸ್ಸೆಸ್ಸೆಲ್ಸಿಯವರೆಗೆ ಕನ್ನಡದಲ್ಲೇ ಓದಿದವರು.

"ದೇವರೇ ಮನುಷ್ಯನಾಗಿ ಇಳಿದು ಬಂದ ಅಂತ ಆಗುತ್ತಲ್ಲ ಆಪಾ. ಅವರು ಅಲ್ಲಾಹನ ದಾಸರು, ದೂತರು. ಇನ್ನೊಂದು, ಇಲ್ಲಿ ‘ಕಷ್ಟವ ಕಳೆಯಿರಿ’ ಅಂತ ಅವರನ್ನೇ ಬೇಡಿದ್ದೀರಿ. ಕಳೆಯೋನು ಒಬ್ಬನೇ. ಆ ಸಾಲನ್ನ ಹಮ್ದ್‌ಗೆ ಹಾಕಿ," ಅಂದರು ಫೋನಿನಲ್ಲಿ.

ಸಿಟ್ಟು ಬಂತು, ಆದರೆ ಅವರು ಹೇಳಿದ್ದು ಸರಿಯಾಗಿತ್ತು. ‘ಅವತರಿಸಿದಿರಿ’ ಹೊಡೆದುಹಾಕಿ ಬರೀ ‘ಬಂದಿರಿ’ ಎಂದು ಇಟ್ಟುಕೊಂಡೆ. ನೆರಳಾಗಿ ಬಂದಿರಿ, ಕೊರಳಾಗಿ ಬಂದಿರಿ, ಬೆರಳಾಗಿ ಬಂದಿರಿ. ಪ್ರಾಸ ಸಿಕ್ಕಿತು, ಮಾತ್ರೆ ಕೂತಿತು. ಆದರೆ ಹಾಡಲು ಹೋದರೆ ಮಗ್ಗಿ ಒಪ್ಪಿಸಿದಂತಾಗುತ್ತಿತ್ತು. ನಾತ್‌ಗೆ ವಾದ್ಯವಿಲ್ಲ, ಇರುವುದು ಕೊರಳೊಂದೇ. ಧಾಟಿ ಸತ್ತರೆ ಪದ್ಯ ಸತ್ತಂತೆ. ಉರ್ದು ಧಾಟಿಗಳಿಗೆ ಕನ್ನಡದ ನಾಲ್ಕು ನಾಲ್ಕು ಮಾತ್ರೆ ಹೊಂದುವುದಿಲ್ಲ. ಸಿನಿಮಾ ಧಾಟಿ ಮಾತ್ರ ಬೇಡ ಎಂದು ಹಾಫಿಜರು ಮೊದಲೇ ಹೇಳಿದ್ದರು.

ಆಗ ಅವರೆಕಾಯಿ ಕಾಲ. ಎದುರು ಮನೆಯ ಲಕ್ಕಮ್ಮ ಸಂಜೆ ಹೊತ್ತು ನಮ್ಮ ಜಗಲಿಗೆ ಬಂದು ಅವರೆಕಾಯಿ ಸುಲಿಯುತ್ತಿದ್ದರು. ಅವರ ಊರು ಬಾಗೂರು. ಮಗ ಮನು ಇಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟ ಮೇಲೆ, ಗಂಡ ಸತ್ತ ಲಕ್ಕಮ್ಮ ಅವನ ಜೊತೆ ಬಂದಿದ್ದರು. ಅಕ್ಷರ ಬಾರದು. ಆದರೆ ಸೋಬಾನೆ ಪದಕ್ಕೆ ಸುತ್ತಿನ ಹತ್ತು ಹಳ್ಳಿಯವರು ಕರೆಯುತ್ತಿದ್ದರು. ಮದುವೆ ಮನೆಯಲ್ಲಿ ಅವರು ಪದ ಎತ್ತಿದರೆ ಅಡುಗೆಯವರೂ ಸೌಟು ಹಿಡಿದು ಹೊರಗೆ ಬಂದು ನಿಲ್ಲುತ್ತಿದ್ದರು. ಹನ್ನೆರಡು ವರ್ಷದಿಂದ ನಮ್ಮಿಬ್ಬರಿಗೂ ಸ್ನೇಹ. ಅಕ್ಕತಂಗಿ ಇಲ್ಲದ ನನಗೆ ಆ ಮುದುಕಿಯೇ ಅಕ್ಕ ಆಗಿದ್ದರು.

"ಅದೇನ್ ಮೇಡಮ್ಮ, ಬೆಳಿಗ್ಗಿಂದ ಬೆಟ್ಟು ಎಣುಸ್ಕಂಡು ಕುಂತಿದ್ದೀರಿ," ಅಂದರು.

ಓದಿ ತೋರಿಸಿದೆ.

ಬಿಸಿಲಲಿ ಬೆಂದಿಹ ಲೋಕಕೆ ತಂಪಿನ ನೆರಳಾಗಿ ಬಂದಿರಿ
ಮಾತೇ ಇಲ್ಲದ ಬಡವರಿಗೆಲ್ಲಾ ಕೊರಳಾಗಿ ಬಂದಿರಿ

ತಂದೆಯ ಮೊಗವನು ಕಾಣದೆ ಬೆಳೆದಿರಿ ಆದರು ಲೋಕದಲಿ
ತಬ್ಬಲಿ ಮಕ್ಕಳ ಕಣ್ಣೀರೊರೆಸುವ ಬೆರಳಾಗಿ ಬಂದಿರಿ

"ಅವ್ರ್ಗೆ ಅಪ್ಪ ಇರ್ಲಿಲ್ವಾ?"

"ಹುಟ್ಟೋ ಮುಂಚೆನೇ ತೀರಿಕೊಂಡಿದ್ರು. ಆರು ವರ್ಷಕ್ಕೆ ತಾಯಿನೂ ಹೋದ್ರು."

ಲಕ್ಕಮ್ಮ ಸುಲಿಯುವುದನ್ನು ನಿಲ್ಲಿಸಿದರು. "ಇನ್ನೊಂದ್ ದಪ ಏಳಿ," ಅಂದರು. ನಾನು ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಅದೇ ಸಾಲುಗಳನ್ನು ಒಂದು ಧಾಟಿಗೆ ಎತ್ತಿದರು. ಮೊದಲು ತಗ್ಗಿನಲ್ಲಿ, ಯಾರನ್ನೋ ಮೆಲ್ಲಗೆ ಮುಟ್ಟಿ ಕರೆದಂತೆ ಸುರುವಾಗಿ, ಬೆರಳಾಗಿ ಎನ್ನುವಲ್ಲಿ ಮೇಲಕ್ಕೆ ಹೋಗಿ, ಬಂದಿರಿ ಎನ್ನುವಲ್ಲಿ ನಿಂತಿತು. ಸಾಲು ಮುಗಿದ ಮೇಲೆ ಉಳಿದ ಹೆಂಗಸರು ದನಿಗೂಡಿಸಲು ಜಾಗವಿತ್ತು. ಸರಿಯಾಗಿ ಅಲ್ಲಿ ಪೈಗಂಬರರಿಗೆ ನಾವು ಹೇಳುವ ಸಲಾಮು, ಸಲ್ಲಲ್ಲಾಹು ಅಲೈಹಿ ವಸಲ್ಲಮ್, ಬಂದು ಕೂತುಕೊಂಡಿತು.

"ಇದ್ಯಾವ ಪದದ ಧಾಟಿ ಲಕ್ಕಮ್ಮ?" ಎಂದು ಕೇಳಿದೆ. ಕೇಳಿದೆ ಎನ್ನುವುದನ್ನು ಮರೆಮಾಚುವುದಿಲ್ಲ.

"ಎಬ್ಸೋ ಪದದ್ದು. ನಮ್ ಊರಮ್ಮನ್ನ ಎಬ್ಸಾಕೆ ಆಡಾದು, ಯುಗಾದಿ ಕಳುದ್ ಮೇಲೆ. ವರ್ಸಕ್ಕೊಂದೇ ದಪ. ನಮ್ ಮನೆ ಇರೀ ಸೊಸೆ ಮಾತ್ರ ಆಡ್ಬೇಕು. ನಮ್ಮತ್ತೆ ಆಡ್ತಿದ್ಲು, ಈಗ ನಾನು."

"ಹಂಗಾದ್ರೆ ಇದಕ್ಕೆ ಹಾಕಬಹುದಾ?"

ಅವರು ಸಿಪ್ಪೆ ಕೊಡವಿಕೊಂಡರು. "ಅಪ್ಪ ಅವ್ವ ಇಲ್ದೆ ಬೆಳೆದೋರ ಪದ ಅಂತೀರಿ. ನಮ್ಮವ್ವ ಏನ್ ಬ್ಯಾಡ ಅಂದಾಳಾ. ಅವ್ಳೂ ತಬ್ಬಲಿಗಳ್ನ ಕಾಯೋಳೇ. ಆಡ್ಕಳಿ."

ಬುದ್ಧಿ ಇದ್ದವಳಾದರೆ ನಾನು ಅಲ್ಲಿಗೇ ಬಿಡಬೇಕಿತ್ತು. ವರ್ಷಕ್ಕೊಂದೇ ಸಲ, ಒಂದೇ ಮನೆಯ ಹಿರೇಸೊಸೆ ಮಾತ್ರ ಹಾಡುವ ಧಾಟಿ ಎಂದರೆ ಏನು ಎಂದು ಮಕ್ಕಳಿಗೆ ಜಾನಪದ ಪಾಠ ಮಾಡುವ ನನಗೆ ಗೊತ್ತಿಲ್ಲವೇ? ಗೊತ್ತಿತ್ತು. ಆದರೆ ನನ್ನ ಸಾಲುಗಳಿಗೆ ಅಂಥ ಧಾಟಿ ಇನ್ನೆಲ್ಲೂ ಸಿಗುತ್ತಿರಲಿಲ್ಲ. ಬರೆದವರ ಆಸೆ ಬಹಳ ಕೆಟ್ಟದ್ದು.

ನಮ್ಮ ಅಣ್ಣನ ಮಗಳು ಮುಬೀನ್ ಮತ್ತು ಅವಳ ನಾಲ್ಕು ಗೆಳತಿಯರಿಗೆ ಕಲಿಸಿದೆ. ಕೊನೆಯ ಜೋಡಿಯಲ್ಲಿ ನನ್ನ ಹೆಸರನ್ನೂ ಕೂರಿಸಿದ್ದೆ: ಖಮರಳ ಟೊಳ್ಳಿನ ಮಾತಿನ ಒಳಗೇ ತಿರುಳಾಗಿ ಬಂದಿರಿ. ತಿರುಳು ಉಳಿದ ಪ್ರಾಸಕ್ಕಿಂತ ಸ್ವಲ್ಪ ಸಡಿಲ, ಆದರೆ ಹಾಫಿಜರು ಒಪ್ಪಿದರು. ಪದ್ಯ ಪೂರ್ತಿ ಓದಿ, ಒಂದೇ ಪ್ರಶ್ನೆ ಕೇಳಿದರು. "ಧಾಟಿ ಎಲ್ಲಿಂದ ತಗೊಂಡ್ರಿ ಆಪಾ?"

"ನಂದೇ," ಎಂದೆ.

ಯೋಚನೆ ಮಾಡಿ ಹೇಳಿದ ಸುಳ್ಳಲ್ಲ. ಸಲೀಸಾಗಿ ಬಾಯಿಂದ ಬಂತು. ಹೊಗಳಿಕೆಯೂ ಬಂತು, ತೆಗೆದುಕೊಂಡೆ.

ಸಭೆಯ ದಿನ ಶಾದಿ ಮಹಲಿನಲ್ಲಿ ನಾನೂರು ಹೆಂಗಸರಿದ್ದರು. ಮೈಕು ಒಳಗೆ ಮಾತ್ರ, ಬಾಗಿಲು ಹಾಕಿತ್ತು. ಹೆಂಗಸರ ಸಭೆ, ಹೆಂಗಸರ ದನಿ, ಹೊರಗೆ ಹೋಗಬಾರದು ಎಂಬ ಕಟ್ಟಳೆ. ಲಕ್ಕಮ್ಮ, ಅವರ ಸೊಸೆ ಕೋಮಲಾ, ನಮ್ಮ ಬೀದಿಯ ಇನ್ನೂ ಏಳೆಂಟು ಜನ ಮುಂದಿನ ಸಾಲಿನಲ್ಲಿ ಕೂತಿದ್ದರು. ಹಮ್ದ್ ಆಯಿತು. ಆಮೇಲೆ ಮುಬೀನ್ ನಾತ್ ಎತ್ತಿದಳು. ಎರಡನೇ ಜೋಡಿಗೆ ಬರುವಾಗ ಇಡೀ ಹಾಲು ಸಲಾಮು ಹೇಳುವಲ್ಲಿ ದನಿಗೂಡಿಸಿತು. ಮುದುಕಿಯರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಜೀವನದಲ್ಲಿ ಮೊದಲ ಸಲ ತಮಗೆ ಅರ್ಥವಾಗುವ ಮಾತಿನಲ್ಲಿ ನಾತ್ ಕೇಳಿದೆವು ಎಂದು ಅರಕಲಗೂಡಿನ ಹೆಂಗಸೊಬ್ಬರು ನನ್ನ ಎರಡೂ ಕೈ ಹಿಡಿದುಕೊಂಡರು. ಲಕ್ಕಮ್ಮ ದೂರದಿಂದ ನನ್ನ ಕಡೆ ನೋಡಿ ತಲೆಯಾಡಿಸಿದರು. ನಾನು ಬದುಕಿನಲ್ಲಿ ಅಷ್ಟು ಸಂತೋಷಪಟ್ಟ ದಿನ ಬೇರೆ ಇಲ್ಲ.

ನಮ್ಮದೇ ಹುಡುಗಿಯೊಬ್ಬಳು ಮೊಬೈಲಿನಲ್ಲಿ ಹಿಡಿದು ಸ್ಟೇಟಸ್ಸಿಗೆ ಹಾಕಿದಳು. ಹೆಮ್ಮೆಯಿಂದಲೇ ಹಾಕಿದ್ದು, ಪಾಪ. ಎರಡು ದಿನದಲ್ಲಿ ಅದು ಬಾಗೂರಿಗೆ ತಲುಪಿತು. ಪದ ಎಂಥದ್ದೆಂದು ಅಲ್ಲಿ ಯಾರೂ ಕೇಳಲಿಲ್ಲ. ಧಾಟಿ ಕೇಳಿದ ಕೂಡಲೇ ಊರಿಗೆ ಊರೇ ಗುರುತು ಹಿಡಿಯಿತು. ಅಮ್ಮನ ಪದ ಕದ್ದು ಅವರ ದೇವರಿಗೆ ಹಾಡಿಸಿದ್ದಾರೆ ಎಂದು ಯಾರೋ ಬರೆದು ಮುಂದಕ್ಕೆ ಕಳಿಸಿದರು. ಹಾಸನದಿಂದ ಫೋನುಗಳು ಬಂದವು. ಶಾದಿ ಮಹಲಿನ ಮುಂದೆ ಮೂವತ್ತು ಬೈಕು ನಿಂತವು. ಇತ್ತ ನಮ್ಮವರೂ ಸುಮ್ಮನಿರಲಿಲ್ಲ. ಹೆಣ್ಣುಮಕ್ಕಳ ದನಿ ಬೀದಿಗೆ ಹೋಯಿತು, ಅದೂ ವಿಗ್ರಹದ ಪದದ ಧಾಟಿಯಲ್ಲಿ ಎಂದು ಹಾಫಿಜರನ್ನು ಹಿಡಿದುಕೊಂಡರು. ಅವರು ನನಗೆ ಫೋನು ಮಾಡಿದರು. ಬಯ್ಯಲಿಲ್ಲ. "ನಿಮ್ಮದೇ ಅಂದಿದ್ರಲ್ಲ ಆಪಾ," ಅಂದರು, ಅಷ್ಟೇ.

ಬುಧವಾರ ಪೊಲೀಸ್ ಸ್ಟೇಷನ್ನಿನಲ್ಲಿ ಶಾಂತಿ ಸಭೆ ಕರೆದರು. ಒಂದು ಕಡೆ ನಮ್ಮ ಕಮಿಟಿಯವರು, ಹಾಫಿಜರು. ಇನ್ನೊಂದು ಕಡೆ ಬಾಗೂರಿನ ಹಿರಿಯ ಈಶ್ವರಯ್ಯ, ಹತ್ತು ಹನ್ನೆರಡು ಹುಡುಗರು. ಅವರ ನಡುವೆ ಮನು, ಊರಿನವನು ಎಂದು ಬಂದಿದ್ದ. ತನ್ನ ತಾಯಿಯ ಹೆಸರು ಇದರಲ್ಲಿದೆ ಎಂದು ಅವನಿಗಿನ್ನೂ ಗೊತ್ತಿರಲಿಲ್ಲ. ಯಾರೋ ಯಾವತ್ತೋ ಊರಿನಲ್ಲಿ ರೆಕಾರ್ಡ್ ಮಾಡಿಕೊಂಡು ಕದ್ದಿರಬೇಕು ಎಂದೇ ಎಲ್ಲರೂ ಅಂದುಕೊಂಡಿದ್ದರು.

ಇನ್ಸ್‌ಪೆಕ್ಟರು ಸಮಾಧಾನದ ಮನುಷ್ಯ. "ನೀವು ಟೀಚರು. ಸರ್ಕಾರಿ ನೌಕರರು. ನಾಳೆ ಇಲಾಖೆಗೆ ಯಾರಾದ್ರೂ ಬರೆದ್ರೆ ನಿಮಗೂ ಕಷ್ಟ. ಈ ಧಾಟಿ ಎಲ್ಲಿ ಸಿಕ್ತು, ಅಷ್ಟು ಹೇಳಿಬಿಡಿ," ಅಂದರು.

ನಾನೇ ಎಲ್ಲೋ ಕೇಳಿ ಕಲಿತೆ, ತಪ್ಪಾಯಿತು, ಎಂದಿದ್ದರೆ ಆಗುತ್ತಿತ್ತು. ಬಯ್ಯುತ್ತಿದ್ದರು, ಬೇರೆ ಕಡೆಗೆ ವರ್ಗ ಮಾಡುತ್ತಿದ್ದರು, ಪೆನ್ಷನ್ನಿಗೆ ನಾಲ್ಕು ವರ್ಷವಿತ್ತು. ಬಾಯಿ ತುಂಬ ನಂದೇ ಎಂದಿದ್ದವಳು ಈಗಲೂ ನಂದೇ ತಪ್ಪು ಎನ್ನಬಹುದಿತ್ತು. ಆ ಹುಡುಗರ ಮುಖ ನೋಡಿದೆ. ಮೊಬೈಲು ಹಿಡಿದಿದ್ದ ಕೈಗಳನ್ನು ನೋಡಿದೆ.

"ಲಕ್ಕಮ್ಮ ಹೇಳಿಕೊಟ್ಟಿದ್ದು," ಎಂದೆ. "ನಮ್ಮೆದುರು ಮನೆಯೋರು. ಹಾಡ್ಕೊಳ್ಳಿ ಅಂತ ಅವರೇ ಅಂದ್ರು."

ಮನು ನನ್ನ ಕಡೆ ನೋಡಲಿಲ್ಲ. ನೆಲ ನೋಡುತ್ತಾ ನಿಂತಿದ್ದ. ಈಶ್ವರಯ್ಯ ಎದ್ದು, "ಅಂಗಾದ್ರೆ ಇದು ನಮ್ ಮನೆ ಇಚಾರ ಆಯ್ತು ಸಾ. ನಾವ್ ನೋಡ್ಕತೀವಿ," ಎಂದು ಇನ್ಸ್‌ಪೆಕ್ಟರಿಗೆ ಕೈಮುಗಿದರು. ನಮ್ಮವರು ಉಸಿರು ಬಿಟ್ಟರು. ಬೈಕುಗಳು ಹೊರಟುಹೋದವು. ಆ ನಾತ್ ಇನ್ನು ಮುಂದೆ ಎಲ್ಲೂ ಹಾಡುವುದಿಲ್ಲವೆಂದು ಒಂದು ಹಾಳೆಯ ಮೇಲೆ ಬರೆಸಿ ನನ್ನ ಸಹಿ ತೆಗೆದುಕೊಂಡರು, ಎಲ್ಲರ ಮೊಬೈಲಿನಿಂದಲೂ ಆ ವಿಡಿಯೋ ಅಳಿಸಿ ಹಾಕಿಸಿದರು. ಊರು ತಣ್ಣಗಾಯಿತು. ನೀವು ನಿಜ ಹೇಳಿದ್ದರಿಂದ ದೊಡ್ಡ ಗಲಾಟೆ ತಪ್ಪಿತು ಎಂದು ಕಮಿಟಿಯವರು ನನ್ನನ್ನು ಮೆಚ್ಚಿಕೊಂಡರು.

ನಿಜವೇ ಹೇಳಿದ್ದೆ. ಅದೇ ನನ್ನ ಸಂಕಟ. ಸುಳ್ಳು ಹೇಳಿದ್ದರೆ ತೌಬಾ ಮಾಡಿ, ಅಲ್ಲಾಹನ ಕ್ಷಮೆ ಬೇಡಿ, ಬಿಡಬಹುದಿತ್ತು.

ಮುಂದೆ ಆದದ್ದನ್ನು ಕೋಮಲಾ ಹೇಳಿದ್ದು, ಗೇಟಿನಾಚೆಯೇ ನಿಂತು. ಆ ಭಾನುವಾರ ಲಕ್ಕಮ್ಮನನ್ನು ಬಾಗೂರಿಗೆ ಕರೆದುಕೊಂಡು ಹೋದರಂತೆ. ಹೊಡೆಯಲಿಲ್ಲ, ಬಯ್ಯಲಿಲ್ಲ. ತಲೆಗೆ ನೀರು ಹಾಕಿಸಿ ಒದ್ದೆ ಸೀರೆಯಲ್ಲಿ ಅಮ್ಮನ ಮುಂದೆ ನಿಲ್ಲಿಸಿದರಂತೆ. ಇನ್ನು ಆ ಪದವಿರಲಿ, ಯಾವ ಪದವನ್ನೂ ಧಾಟಿ ಎತ್ತಿ ಹಾಡುವುದಿಲ್ಲ ಎಂದು ಉರಿಯುವ ಕರ್ಪೂರ ಮುಟ್ಟಿ ಪ್ರಮಾಣ ಮಾಡಿಸಿದರಂತೆ. ಆಣೆ ಮಾಡಿಸಿ ಎಂದು ಮೊದಲು ಹೇಳಿದವನು ಮನುವೇ ಅಂತೆ, ಇಲ್ಲದಿದ್ದರೆ ಅಂಗಡಿ ನಡೆಯುವುದಿಲ್ಲ ಎಂದು.

"ಅತ್ತೆ ಏನಂದ್ರು?" ಎಂದೆ.

"ಆಣೆ ಮಾಡುದ್ರು, ಬಂದ್ರು ಮೇಡಂ."

ರಂಜಾನ್ ಹಬ್ಬದ ದಿನ ಶೀರ್ ಖುರ್ಮಾ, ನಮ್ಮ ಶ್ಯಾವಿಗೆ ಪಾಯಸ, ತೆಗೆದುಕೊಂಡು ಹೋದೆ. ಹನ್ನೆರಡು ವರ್ಷದಿಂದ ಕೊಡುತ್ತಿದ್ದೆ. ಲಕ್ಕಮ್ಮನೇ ಬಾಗಿಲು ತೆಗೆದರು. ಲೋಟ ತೆಗೆದುಕೊಂಡು, ಬೇರೆ ಪಾತ್ರೆಗೆ ಸುರಿದು, ಲೋಟ ತೊಳೆದು ಕೊಟ್ಟರು. ಕ್ಷಮಿಸಿ ಎನ್ನಲು ಬಾಯಿ ತೆರೆದೆ, ಅಳು ಬಂತು.

"ಅಳ್ಬೇಡಿ ಮೇಡಮ್ಮ. ಸುಳ್ಳೇನ್ ಏಳ್ಳಿಲ್ವಲ್ಲ ನೀವು. ಕಲ್ಸಿದ್ದು ನಾನೇ," ಅಂದರು. ಆಮೇಲೆ ಜಗಲಿಗೆ ಬರುವುದು ಬಿಟ್ಟರು. ಮದುವೆಗಳಿಗೆ ಕರೆಯುವವರೂ ಬಿಟ್ಟರು. ನೀರು ಹಿಡಿಯುವಾಗ, ಬಟ್ಟೆ ಒಣಹಾಕುವಾಗ ಗುನುಗುತ್ತಿದ್ದ ಹೆಂಗಸು ಸುಮ್ಮನೆ ಕೆಲಸ ಮಾಡುವುದನ್ನು ಒಂದು ವರ್ಷ ಕಿಟಕಿಯಿಂದ ನೋಡಿದೆ. ಆ ಯುಗಾದಿ ಕಳೆದ ಮೇಲೆ ಊರಮ್ಮನನ್ನು ಎಬ್ಬಿಸಲು ತಮಟೆ ಮಾತ್ರ ಬಡಿದರಂತೆ.

ಈ ವರ್ಷ ಯುಗಾದಿ ಕಳೆದು ಒಂದು ವಾರಕ್ಕೆ, ಶನಿವಾರ ಮಧ್ಯಾಹ್ನ, ನಮ್ಮ ಗೇಟಿನ ಮುಂದೆ ಆಟೋ ನಿಂತಿತು. ಯುಗಾದಿಗೆ ಅತ್ತೆಯ ಜೊತೆ ಬಾಗೂರಿಗೆ ಹೋಗಿದ್ದ ಕೋಮಲಾ ಇಳಿದಳು. ಜೊತೆಗೆ ಬಾಗೂರಿನ ಬೆಟ್ಟಮ್ಮ ಎನ್ನುವ ಹಿರಿಯ ಹೆಂಗಸು. ಆಟೋದ ಒಳಗೆ ಲಕ್ಕಮ್ಮ ಕೂತಿದ್ದರು. ಒಳಗೆ ಬನ್ನಿ ಎಂದೆ. ಅವರು ಬರಲಿಲ್ಲ, ಬೆಟ್ಟಮ್ಮ ಗೇಟಿನ ಹತ್ತಿರವೇ ಮಾತು ಸುರು ಮಾಡಿದರು.

"ಓದೊರ್ಸ ಪದ ಇಲ್ದೆ ಎಬ್ಸುದ್ವಿ. ಊರಿಗೆ ಒಳ್ಳೇದಾಗಿಲ್ಲ ಕಣವ್ವ. ಎರಡ್ ಮನೇಲಿ ಎಳೇ ಕೂಸು ಓದ್ವು. ಈಗ ಗಂಡಸ್ರೇ ಪದ ಬೇಕು ಅಂತಾವ್ರೆ. ಲಕ್ಕಮ್ಮ ಆಣೆ ಮಾಡವ್ಳೆ, ಆಡಂಗಿಲ್ಲ. ಈ ಕೋಮಲನ್ಗೆ ಮಾತೆಲ್ಲ ಬಾಯಲ್ಲೇ ಏಳ್ಕೊಟ್ಟವ್ಳೆ, ಧಾಟಿ ಏಳ್ಕೊಡಾಕಾಗಲ್ಲ. ಕೇಳುದ್ರೆ ಗುರ್ತು ಇಡೀತೀವಿ, ಎತ್ತಾಕೆ ನಮ್ಗ್ಯಾರ್ಗೂ ಬರಾಕಿಲ್ಲ. ನಿಮ್ಗೆ ಬತ್ತದಂತಲ್ಲ. ನಿಮ್ ಹತ್ರ ಐತೆ, ಕೇಳಿ ಅಂತ ಅವ್ಳೇ ಕರ್ಕಬಂದ್ಲು. ಒಂದ್ ದಪ ಈ ಹುಡ್ಗಿಗೆ ಆಡಿ ತೋರ್ಸಿ, ಸಾಕು."

ನನಗೆ ಬರುತ್ತಿತ್ತು. ತಗ್ಗಿನ ಸುರುವಿನಿಂದ ನಿಲ್ಲುವ ಜಾಗದವರೆಗೆ, ಉಸಿರು ತೆಗೆದುಕೊಳ್ಳುವ ಕಡೆಯೂ ಸೇರಿ, ಒಂದು ಎಳೆಯೂ ಮರೆತಿರಲಿಲ್ಲ. ಒಳಗೆ ಕರೆದು, ಬಾಗಿಲು ಹಾಕಿ, ಮಾತಿಲ್ಲದೆ ಬರೀ ಧಾಟಿ ಗುನುಗಿದ್ದರೂ ಸಾಕಾಗಿತ್ತು. ಐದು ನಿಮಿಷದ ಕೆಲಸ. ಕೋಮಲಾಳ ಕೈಯಲ್ಲಿ ಮೊಬೈಲ್ ಇತ್ತು, ಕಲಿಯಲು ರೆಕಾರ್ಡ್ ಮಾಡಿಕೊಳ್ಳಬೇಕಲ್ಲ. ನನ್ನ ದನಿಯಲ್ಲಿ ಊರಮ್ಮನ ಪದ. ಅದು ಒಂದು ದಿನ ಎಲ್ಲಿಗಾದರೂ ತಲುಪಿದರೆ ನಮ್ಮವರು ಏನೆನ್ನುತ್ತಾರೆ, ಅವರ ಹುಡುಗರು ಏನೆನ್ನುತ್ತಾರೆ, ಸಹಿ ಹಾಕಿದ ಹಾಳೆ ಯಾರ ಕೈಗೆ ಬರುತ್ತದೆ. ಪೆನ್ಷನ್ನಿಗೆ ಮೂರು ವರ್ಷ. ಇಷ್ಟೆಲ್ಲ ಲೆಕ್ಕ ಒಂದು ಗಳಿಗೆಯಲ್ಲಿ ಮುಗಿಯಿತು.

"ನನಗೆ ಮರೆತುಹೋಗಿದೆ," ಎಂದೆ.

"ಒಸಿನಾದ್ರೂ ಗ್ಯಾಪ್ನ ಮಾಡ್ಕಳವ್ವ," ಅಂದರು ಬೆಟ್ಟಮ್ಮ.

"ಇಲ್ಲ. ಒಂದು ಸಾಲೂ ನೆನಪಿಲ್ಲ."

ಕೋಮಲಾ ನನ್ನ ಮುಖವನ್ನೇ ನೋಡಿದಳು. ಅವಳು ನಂಬಲಿಲ್ಲ. ಏನೋ ಹೇಳಲು ಹೊರಟಳು. ಅಷ್ಟರಲ್ಲಿ ಆಟೋದ ಒಳಗಿನಿಂದ ಲಕ್ಕಮ್ಮನ ದನಿ ಬಂತು. ವರ್ಷದ ಮೇಲೆ ಆ ದನಿ ಕೇಳಿದ್ದು.

"ಬುಡು ಕೋಮಲಾ, ಅವ್ರನ್ನ ಏನೂ ಅನ್ಬ್ಯಾಡ. ಅವ್ರ್ಗೆ ಇಸ್ಕೂಲ್ ಕೆಲ್ಸ ಬೇಕಾದಷ್ಟಿರ್ತದೆ, ಮರ್ತೋಗಿರ್ತದೆ."

ನನ್ನ ಕಣ್ಣನ್ನೇ ನೋಡಿಕೊಂಡು ಹೇಳಿದರು. ನನಗೆ ಮರೆತಿಲ್ಲ ಎಂದು ಲೋಕದಲ್ಲಿ ಖಚಿತವಾಗಿ ಗೊತ್ತಿದ್ದವರು ಅವರೊಬ್ಬರೇ. ಹೆಂಗಸರಿಬ್ಬರೂ ಹತ್ತಿದರು. ಆಟೋ ಮುಖ್ಯರಸ್ತೆಯ ಕಡೆ ತಿರುಗಿ ಹೋಯಿತು. ನಾನು ಗೇಟು ಹಾಕಿಕೊಂಡು ಒಳಗೆ ಬಂದೆ.